ಯಾವಾಗಾದರೂ ಸರಿ

ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಸಾಬಮ್ಮನ ಕಂಪ್ಯೂಟರ್ ಅಂಗಡಿ. ಜಾತಿ ಪ್ರಮಾಣಪತ್ರದಿಂದ ಹಿಡಿದು ಜೆರಾಕ್ಸಿನ ತನಕ ಅಲ್ಲಿ ಎಲ್ಲ ಆಗುತ್ತದೆ, ಕರೆಂಟು ಇದ್ದರೆ. ಆಗಸ್ಟಿನ ಒಂದು ಮಧ್ಯಾಹ್ನ ನಿವೃತ್ತ ಹೆಡ್‌ಮಾಸ್ತರ ದೇವೀಂದ್ರಪ್ಪ ನೆರೆಮನೆಯ ರೇವಣಪ್ಪನನ್ನು ಕರೆದುಕೊಂಡು ಅಲ್ಲಿಗೆ ಬಂದರು. ರೇವಣಪ್ಪನಿಗೆ ಎಪ್ಪತ್ತು. ಅಪ್ಪನನ್ನು ನೋಡಿಲ್ಲ.

ಅಪ್ಪ ಜಟ್ಟೆಪ್ಪ ವಾಡಿಯಲ್ಲಿ ಟಾಂಗಾ ಹೊಡೆಯುತ್ತಿದ್ದ. ನಿಜಾಮರ ರಾಜ್ಯ ಮುಗಿದ ವಾರ, ರೈಲ್ವೆ ಗುಮಾಸ್ತರ ಕುಟುಂಬವನ್ನು ಸ್ಟೇಷನ್ನಿಗೆ ಬಿಟ್ಟುಬರುತ್ತೇನೆಂದು ಹೋದ. ಟಾಂಗಾ ಮಾತ್ರ ಸಿಕ್ಕಿತು. ಆಗ ರೇವಣಪ್ಪ ತಾಯಿಯ ಹೊಟ್ಟೆಯಲ್ಲಿದ್ದ. "ಓಡಿಹೋದನೋ, ಸತ್ತನೋ" ಎಂಬ ಊರವರ ಮಾತನ್ನು ತಾಯಿ ಸಾಯುವ ತನಕ ಕೇಳಿದಳು, ಆಮೇಲೆ ಮಗ ಕೇಳಿದ. ಈಗ ತಿಳಿದದ್ದೇನೆಂದರೆ, ಆ ದಿನ ಟಾಂಗಾದಲ್ಲಿದ್ದ ಗುಮಾಸ್ತರ ಮಗಳು ಖುರ್ಷಿದಬೇಗಂ ಬದುಕಿದ್ದಾರೆ. ಹೈದರಾಬಾದಿನಲ್ಲಿ, ಮೊಮ್ಮಗಳು ಡಾಕ್ಟರ್ ರಶೀದಾಬೇಗಂ ಹತ್ತಿರ. ಕಿವಿ ಅಷ್ಟಾಗಿ ಕೇಳಿಸದು, ಫೋನಿನಲ್ಲಿ ಆಗದು. ಡಾಕ್ಟರಮ್ಮ ಡ್ಯೂಟಿಯಲ್ಲಿ ಫೋನ್ ಎತ್ತುವುದಿಲ್ಲ. "ಈಮೇಲ್ ಮಾಡಿ" ಎಂದಿದ್ದಳು.

ಸಾಬಮ್ಮ ಐದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದಳು:

"ಜಟ್ಟೆಪ್ಪನವರ ಮಗ ರೇವಣಪ್ಪನವರು ನಿಮ್ಮ ಅಜ್ಜಿಯನ್ನು ಅರ್ಧ ಗಂಟೆ ನಿಮ್ಮ ಮನೆಯಲ್ಲಿ ಕಾಣಬೇಕು. ತಂದೆಯ ಬಗ್ಗೆ ಕೇಳುವುದಿದೆ. ಮೂರು ಸಮಯ ಸೂಚಿಸುತ್ತೇವೆ: ಸೆಪ್ಟೆಂಬರ್ 2, ಭಾನುವಾರ, ಬೆಳಿಗ್ಗೆ 11. ಸೆಪ್ಟೆಂಬರ್ 6, ಗುರುವಾರ, ಸಂಜೆ 4. ಸೆಪ್ಟೆಂಬರ್ 9, ಭಾನುವಾರ, ಬೆಳಿಗ್ಗೆ 11. ಯಾವುದು ಆಗುತ್ತದೆಂದು ಆಗಸ್ಟ್ 29ರೊಳಗೆ ಖಚಿತಪಡಿಸಿ."

ಮಾಸ್ತರರ ಮುಖ ಬಾಡಿತು.

"ಏನವ್ವಾ ಸಾಬಮ್ಮ, ಇದೇನು ಕೋರ್ಟ್ ಸಮನ್ಸೇನು? ಹಿರಿಯರ ಮನಿಗಿ ಹೋಗೋದು, ಹೊತ್ತು ನಾವು ಗೊತ್ತು ಮಾಡೋದಾ?"

"ಮೂರು ಕೊಟ್ಟೀವಲ್ರಿ ಸರ್, ಅವ್ರೇ ಆರಿಸ್ಕೊಳ್ಳಲಿ. ಭಾಳ ಕೆಲಸ ಇರೋರಿಗಿ ಹಿಂಗೇ ಬೇಕು."

"ಅದ್ಹ್ಯಾಂಗ? ಕಡೀಗಿ ಒಂದು ಸಾಲು ಹಾಕು. 'ಇಲ್ಲಾಂದ್ರ ನಿಮ್ಮ ಅನುಕೂಲ ನೋಡಿ ಯಾವಾಗಾದ್ರೂ ಸರಿ, ಅವಸರ ಇಲ್ಲ' ಅಂತ."

"ಅವಸರ ಇಲ್ಲೇನ್ರಿ ಕಾಕಾ?" ಸಾಬಮ್ಮ ರೇವಣಪ್ಪನನ್ನು ಕೇಳಿದಳು.

ಎಪ್ಪತ್ತು ವರ್ಷ ಕಾದ ಮನುಷ್ಯ ಮಾಸ್ತರರ ಮುಖ ನೋಡಿದ. "ಮಾಸ್ತರ್ ಹೇಳ್ದಂಗ ಹಾಕವ್ವ. ದೊಡ್ಡವ್ರಿಗಿ ಆತುರ ಮಾಡಬಾರ್ದು."

ಮರ್ಯಾದೆಯ ಸಾಲೂ ಸೇರಿ ಈಮೇಲ್ ಹೋಯಿತು. ಡಾಕ್ಟರಮ್ಮನ ಉತ್ತರ ಎರಡು ದಿನದಲ್ಲಿ ಬಂತು: ಧನ್ಯವಾದ, ಈ ತಿಂಗಳು ಡ್ಯೂಟಿ ಹೆಚ್ಚು, ಅವಸರ ಇಲ್ಲವಾದ್ದರಿಂದ ಬಿಡುವಾದಾಗ ನಾನೇ ತಿಳಿಸುತ್ತೇನೆ. ಮಾಸ್ತರರು ಅದನ್ನು ಮೂರು ಸಲ ಓದಿಸಿ, "ನೋಡಿದಿ? ಎಷ್ಟು ಸಂಸ್ಕಾರವಂತ ಹುಡುಗಿ!" ಎಂದರು.

ಸಂಸ್ಕಾರದಿಂದ ಸೆಪ್ಟೆಂಬರ್ ಮುಕ್ಕಾಲು ಕಳೆಯಿತು. ರೇವಣಪ್ಪ ದಿನಾ ಅಂಗಡಿಗೆ ಬಂದು, ಏನೂ ಕೇಳದೆ, ಬಾಗಿಲಲ್ಲಿ ನಿಂತು ಹೋಗುತ್ತಿದ್ದ. ಒಂದು ಮಂಗಳವಾರ ಸಾಬಮ್ಮ ಮಾಸ್ತರರಿಗೆ ಹೇಳದೆ ಅದೇ ಈಮೇಲನ್ನು ಹೊಸ ತಾರೀಖು ಹಾಕಿ ಕಳಿಸಿದಳು. ಸೆಪ್ಟೆಂಬರ್ 30, ಅಕ್ಟೋಬರ್ 4, ಅಕ್ಟೋಬರ್ 7. ಮೂರೇ. ಕೆಳಗೆ ಬೇರೆ ಸಾಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಉತ್ತರ: 30, ಭಾನುವಾರ, ಬೆಳಿಗ್ಗೆ 11, ಖಚಿತ. ಹನ್ನೊಂದೂವರೆಗೆ ನಾನು ಡ್ಯೂಟಿಗೆ ಹೊರಡಬೇಕು. ಕೆಳಗೆ ವಿಳಾಸ.

ಭಾನುವಾರ ರೇವಣಪ್ಪ, ಮಾಸ್ತರರು ಇಬ್ಬರೂ ಹೈದರಾಬಾದಿನ ಆ ಮೂರನೇ ಮಹಡಿಯ ಮನೆಯಲ್ಲಿ ಹನ್ನೊಂದಕ್ಕೆ ಕುಳಿತಿದ್ದರು. ಮುದುಕಿ ಮಂಚದ ಮೇಲೆ, ಗೋಡೆಗೆ ಆನಿಸಿದ ದಿಂಬಿಗೆ ಒರಗಿ. ರಶೀದಾ ಸ್ಲೇಟಿನ ಮೇಲೆ ಉರ್ದುವಿನಲ್ಲಿ ದೊಡ್ಡದಾಗಿ ಬರೆದು ತೋರಿಸಿದಳು: ಜಟ್ಟೆಪ್ಪನ ಮಗ.

ಮುದುಕಿ ಸ್ಲೇಟು ನೋಡಲಿಲ್ಲ, ರೇವಣಪ್ಪನನ್ನು ನೋಡಿದರು. ಮುಖ ಅರಳಿತು.

"ಜಟ್ಟೆಪ್ಪ! ಎಲ್ಲಿ ಹೋಗಿದ್ಯೋ? ನಮ್ಮ ಅಬ್ಬಾ ಕೇಳ್ಲಿಕತ್ತಾರ."

"ನಾನು ಅವ್ರ ಮಗ ರೀ, ಅಮ್ಮಾ. ರೇವಣಪ್ಪ."

"ಟಾಂಗಾ ಎಲ್ಲಿ ಬಿಟ್ಟಿ?"

ರಶೀದಾ ಸ್ಲೇಟನ್ನು ಒರೆಸಿ ಮತ್ತೆ ಬರೆದಳು. ಮತ್ತೆ ಒರೆಸಿದಳು. ಆಮೇಲೆ ತಡೆತಡೆದು ಕನ್ನಡದಲ್ಲಿ ಹೇಳಿದಳು: "ಹದಿನೈದು ದಿನದ ಹಿಂದೆ ತನಕ ಎಲ್ಲ ನೆನಪಿತ್ತು ರೀ. ನಿಮ್ಮ ಮೊದಲ ಈಮೇಲ್ ಸ್ಲೇಟಿನ ಮೇಲೆ ಬರೆದು ತೋರಿಸಿದಾಗ, 'ಕರೀ ಅವನಿಗಿ, ನಾ ನೋಡೀನಿ, ನಾನೇ ಹೇಳ್ತೀನಿ' ಅಂದ್ರು. ಏನು ನೋಡಿದ್ರಿ ಅಂತ ನಾ ಕೇಳ್ದೆ. 'ಅವನಿಗೇ ಹೇಳ್ತೀನಿ' ಅಂದ್ರು. ಆಮೇಲೆ ಜ್ವರ ಬಂತು, ನೆನಪು ಹೋಯ್ತು." ಅವಳು ಸ್ಲೇಟನ್ನು ಕೆಳಗಿಟ್ಟಳು. "ನೀವು ಅವಸರ ಇಲ್ಲ ಅಂತ ಬರೆದಿದ್ರಿ."

ದೇವೀಂದ್ರಪ್ಪ ಏನೋ ಹೇಳಲು ಬಾಯಿ ತೆರೆದರು. ನಲವತ್ತು ವರ್ಷ ಪಾಠ ಹೇಳಿದ ಬಾಯಿ.

ರೇವಣಪ್ಪ ಅವರತ್ತ ತಿರುಗಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು, ಮುದುಕಿಯ ಕಿವಿಯ ಬಳಿ ಬಾಗಿ, ತಾನೇ ಅಪ್ಪನಾಗಿ ಉತ್ತರ ಕೊಡಲು ಶುರು ಮಾಡಿದ.

"ಸ್ಟೇಷನ್ ಮುಂದ ಬಿಟ್ಟೀನ್ರಿ, ಬೇಗಂ ಸಾಹೇಬ್ರ. ಆಮ್ಯಾಲ ನಾ ಎಲ್ಲಿ ಹೋದೆ? ನೀವು ನೋಡೀರಿ. ನೀವೇ ಹೇಳ್ರಿ."

ಮುದುಕಿ ಬಹಳ ಹೊತ್ತು ನಕ್ಕರು, ಮಗುವಿನ ಹಾಗೆ. "ನಿಂಗೇ ಗೊತ್ತಿಲ್ಲೇನು?" ಎಂದು ಕಣ್ಣು ಮುಚ್ಚಿದರು.

ಹನ್ನೊಂದೂವರೆಗೆ ರಶೀದಾ ಬಿಳಿ ಕೋಟು ತೊಟ್ಟುಕೊಂಡಳು. ರೇವಣಪ್ಪ ಇನ್ನೂ ಬಾಗಿಯೇ ಇದ್ದ.