ಆತುರವಿಲ್ಲದ ಬಿಲ್

ಬಾಕಿ ಹಣ ಕೇಳುವ ಮೇಲ್ ಬರೆಯಲು ನನಗೆ ಒಂದು ಇಡೀ ಬೆಳಿಗ್ಗೆ ಹಿಡಿಯಿತು. ಮೊದಲು ಬರೆದದ್ದು ಸಾಕ್ಷಾತ್ ಜಗಳ. ಅಳಿಸಿದೆ. ಎರಡನೆಯದನ್ನು ಓದಿದರೆ, ನಾನೇ ಸಾಲ ಕೇಳಲು ಬಂದು ಅವರ ಬಾಗಿಲಲ್ಲಿ ಕೈಕಟ್ಟಿ ನಿಂತ ಹಾಗಿತ್ತು. ಅದನ್ನೂ ಅಳಿಸಿ ಒಂದು ಲೋಟ ನೀರು ಕುಡಿದು ಬಂದೆ.

ಕಷ್ಟ ಇದ್ದದ್ದು ಬರವಣಿಗೆಯಲ್ಲಲ್ಲ, ಯಾರಿಗೆ ಬರೆಯಬೇಕಿತ್ತು ಅನ್ನುವುದರಲ್ಲಿ. ನಾನು ಲೇಬಲ್ಲು, ಡಬ್ಬಿ, ಪ್ಯಾಕೆಟ್ಟುಗಳ ಡಿಸೈನ್ ಮಾಡುವವಳು. ಯಾವ ಕಂಪನಿಯ ನೌಕರಿಯಲ್ಲೂ ಇಲ್ಲ. ಅಣ್ಣನ ಮನೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಯೇ ನನ್ನ ಆಫೀಸು. ಬಾಕಿ ಉಳಿಸಿಕೊಂಡವರು ಅತ್ತಿಗೆಯ ಸೋದರಮಾವ. ಅವರಿಗೆ ಮಕ್ಕಳ ಶೂ ಮಾಡುವ ಸಣ್ಣ ಫ್ಯಾಕ್ಟರಿ ಇದೆ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಅವರು ಶೂ ಮಾವ. ಹೊಸ ಡಬ್ಬಿಗಳ ಕೆಲಸವನ್ನು ನನಗೆ ಕೊಡಿಸಿದ್ದು ಅತ್ತಿಗೆಯೇ. ನೆಂಟರ ಜೊತೆ ವ್ಯವಹಾರ ಬೇಡ ಎಂದು ನಾನು ಗೊಣಗಿದ್ದೆ. ನಮ್ಮ ಮಾವ ಹಾಗಲ್ಲ ಎಂದು ಅವಳು ನನ್ನ ಬಾಯಿ ಮುಚ್ಚಿಸಿದ್ದಳು.

ಕೊನೆಗೆ ಕಳಿಸಿದ ಮೇಲ್ ಹೀಗಿತ್ತು:

"ನಮಸ್ಕಾರ. ಮಕ್ಕಳ ಶೂ ಡಬ್ಬಿಗಳ ವಿನ್ಯಾಸದ ಬಿಲ್ ನಂಬರ್ 27ರ ಬಾಕಿ ಅರವತ್ತು ಸಾವಿರ ಇನ್ನೂ ನನ್ನ ಖಾತೆಗೆ ಬಂದಿಲ್ಲ. ಪಾವತಿಗೆ ಕೊನೆಯ ದಿನ ಹೋದ ತಿಂಗಳ ಐದನೇ ತಾರೀಕು. ಕೆಲಸದ ಗಡಿಬಿಡಿಯಲ್ಲಿ ಕಣ್ತಪ್ಪಿರಬಹುದು. ಕೆಲಸ ಶುರುವಾಗುವ ಮೊದಲೇ ತಾವು ಒಪ್ಪಿದ ಅಂದಾಜು ಪಟ್ಟಿಯಲ್ಲೂ ಬಿಲ್ಲಿನ ಕೆಳಭಾಗದಲ್ಲೂ ಇರುವ ಷರತ್ತಿನಂತೆ, ತಡವಾದ ಪ್ರತಿ ತಿಂಗಳಿಗೆ ಅಥವಾ ಅದರ ಭಾಗಕ್ಕೆ, ಬಾಕಿಯ ಮೇಲೆ ನೂರಕ್ಕೆ ಒಂದೂವರೆಯಂತೆ ವಿಳಂಬ ಶುಲ್ಕ ಸೇರುತ್ತದೆ. ಇವತ್ತಿಗೆ ಅದು ಸಾವಿರದ ಎಂಟುನೂರು. ಈ ಶುಕ್ರವಾರದೊಳಗೆ ಪಾವತಿ ಮಾಡಬೇಕೆಂದು ಕೋರುತ್ತೇನೆ. ಬಿಲ್ಲಿನ ಪ್ರತಿ ಮತ್ತೆ ಲಗತ್ತಿಸಿದ್ದೇನೆ. ಬಿಲ್ಲಿನ ಬಗ್ಗೆ ಏನಾದರೂ ತಕರಾರಿದ್ದರೆ ದಯವಿಟ್ಟು ತಿಳಿಸಿ."

ಶುಕ್ರವಾರ ಎಂದು ಬರೆದದ್ದಕ್ಕೆ ಕಾರಣವಿತ್ತು. ಎರಡು ಬೀದಿ ಆಚೆ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ಒಂದು ರೂಮು ಮೂರು ತಿಂಗಳಿಂದ ಖಾಲಿ ಇತ್ತು, ಅದರ ಮಾತನ್ನು ಮನೆಯಲ್ಲೂ ಆಡುತ್ತಲೇ ಇದ್ದೆ. ದೊಡ್ಡ ಕಿಟಕಿ, ಒಳ್ಳೆಯ ಬೆಳಕು, ಬಾಗಿಲಿಗೆ ನನ್ನದೇ ಬೀಗ. ಅಲ್ಲಿ ಮೇಜು ಹಾಕಿಕೊಂಡರೆ ಕುಕ್ಕರ್ ಸೀಟಿಗಳ ಮಧ್ಯೆ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಗ್ರಹಚಾರ ತಪ್ಪುತ್ತಿತ್ತು. ರೂಮಿನ ಯಜಮಾನಿ ಶನಿವಾರದವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದಳು. ಅದಕ್ಕೆ ಒಬ್ಬ ದರ್ಜಿ ಆಗಲೇ ಗಂಟುಬಿದ್ದಿದ್ದ. ಮುಂಗಡ ಕೊಡಲು ಈ ಅರವತ್ತು ಸಾವಿರ ಬಿಟ್ಟರೆ ನನ್ನ ಹತ್ತಿರ ಬೇರೆ ಹಣವಿರಲಿಲ್ಲ.

ಮೇಲ್‌ಗೆ ಉತ್ತರ ಬಂತು, ಆದರೆ ನನಗಲ್ಲ. ಶೂ ಮಾವ ಅತ್ತಿಗೆಗೆ ಫೋನ್ ಮಾಡಿದರು. ಅವಳು ಒಲೆ ಸಣ್ಣ ಮಾಡಿ, ಸೌಟು ಹಿಡಿದುಕೊಂಡೇ ನನ್ನ ಕೋಣೆಯ ಬಾಗಿಲಿಗೆ ಬಂದಳು.

"ಮಾವನಿಗೆ ಬಡ್ಡಿ ಹಾಕಿದ್ದೀಯಂತೆ?"

ಬಡ್ಡಿ ಅಲ್ಲ, ವಿಳಂಬ ಶುಲ್ಕ ಅಂದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದಳು. ಮನೆಯವರಿಗೆ ಹೀಗೆಲ್ಲ ನೋಟೀಸು ಕಳಿಸುತ್ತಾರಾ, ನನ್ನ ಮುಖ ಎಲ್ಲಿಟ್ಟುಕೊಳ್ಳಲಿ ಎಂದು ಇನ್ನೆರಡು ಮಾತಾಡಿ ಒಳಗೆ ಹೋದಳು. ಅತ್ತಿಗೆ ಮಾತು ಬಿಟ್ಟರೆ ಪಾತ್ರೆಗಳು ಶುರು ಮಾಡುತ್ತವೆ. ಅವತ್ತು ರಾತ್ರಿ ಊಟದವರೆಗೂ ಅವು ಸುಮ್ಮನಾಗಲಿಲ್ಲ. ಅಣ್ಣ ಬಸ್ ಡಿಪೋದಿಂದ ಗ್ರೀಸು ಮೆತ್ತಿದ ಕೈಯಲ್ಲಿ ಬಂದವನು ನಮ್ಮಿಬ್ಬರ ಮುಖವನ್ನೂ ನೋಡಿ, ಜಾಣನ ಹಾಗೆ ತಟ್ಟೆ ನೋಡಿಕೊಂಡು ಉಂಡ.

ಗುರುವಾರ ಬೆಳಿಗ್ಗೆ ನಾನೇ ಫ್ಯಾಕ್ಟರಿಗೆ ಹೋದೆ. ದಾರಿಯುದ್ದಕ್ಕೂ ಪಿತ್ತ ನೆತ್ತಿಗೇರಿಸಿಕೊಂಡು, ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಕೆಲಸ ಮಾಡಿಸಿಕೊಳ್ಳುವಾಗ ಡಿಸೈನರ್, ದುಡ್ಡು ಕೊಡುವಾಗ ಮನೆಯ ಹುಡುಗಿ; ಇದು ಯಾವ ನ್ಯಾಯ ಎಂದು ಕೇಳಬೇಕೆಂದಿದ್ದೆ.

ಆಫೀಸಿನ ತುಂಬ ಚರ್ಮ ಮತ್ತು ಅಂಟಿನ ವಾಸನೆ. ಗೋಡೆಯ ಉದ್ದಕ್ಕೂ ನನ್ನ ಡಬ್ಬಿಗಳು ಸೂರು ಮುಟ್ಟುವ ಹಾಗೆ ಪೇರಿಸಿದ್ದವು, ನೋಡಲು ಚೆನ್ನಾಗಿಯೇ ಇದ್ದವು. ಮಾವ ಒಳಗೆ ಯಾರೋ ಅಂಗಡಿಯವರ ಜೊತೆ ಮಾತಾಡುತ್ತಿದ್ದರು. ಲೆಕ್ಕ ನೋಡಿಕೊಳ್ಳುವ ಹೆಂಗಸು ಕುರ್ಚಿ ತೋರಿಸಿ, ನಿಮ್ಮ ಮೇಲ್ ನನಗೂ ಬಂತು, ಆದರೆ ಅದರಲ್ಲಿ ನೀವು ಬರೆದ ಷರತ್ತು ಬಿಲ್ಲಿನಲ್ಲಿ ಇಲ್ಲವಲ್ಲ ಎಂದಳು. ನನಗೆ ಮೈ ಉರಿಯಿತು. ಇದೆ, ಕೆಳಗೆ ನೋಡಿ ಅಂದೆ. ಅವಳು ಫೈಲು ತೆಗೆದು ಹಾಳೆಯನ್ನು ನನ್ನ ಮುಂದೆ ಇಟ್ಟಳು.

ಹಾಳೆಯ ಕೆಳಭಾಗ ಖಾಲಿ ಇತ್ತು. ಬಿಲ್ ನಂಬರ್ ಇತ್ತು, ಕೆಲಸದ ವಿವರ ಇತ್ತು, ಮೊತ್ತ ಇತ್ತು. ಕೊನೆಯ ದಿನಾಂಕವಿಲ್ಲ, ಷರತ್ತಿಲ್ಲ, ವಿಳಂಬ ಶುಲ್ಕವಿಲ್ಲ. ಅಷ್ಟೂ ಬಿಳಿ.

ಆಗ ಅರ್ಥವಾಯಿತು, ನಾಲಿಗೆ ಕಚ್ಚಿಕೊಂಡೆ. ನನ್ನ ಬಿಲ್ಲು ನೋಡಲು ಚೆಂದವಿರಬೇಕೆಂಬ ಚಟ ನನ್ನದು. ದುಡ್ಡಿನ ಮಾತು ಕಣ್ಣಿಗೆ ರಾಚಬಾರದೆಂದು ಕೊನೆಯ ದಿನಾಂಕವನ್ನೂ ಷರತ್ತುಗಳನ್ನೂ ಸಣ್ಣ ಅಕ್ಷರದಲ್ಲಿ, ತೀರಾ ತೆಳು ಬೂದು ಬಣ್ಣದಲ್ಲಿ ಇಟ್ಟಿದ್ದೆ. ನನ್ನ ಪರದೆಯ ಮೇಲೆ ಅದು ತುಂಬ ಸೊಗಸು. ಇವರ ಪ್ರಿಂಟರಿಗೆ ಕಪ್ಪು ಬಿಟ್ಟು ಬೇರೆ ಗೊತ್ತಿಲ್ಲ, ಅದನ್ನೂ ಇಂಕು ಉಳಿಸುವ ಹಾಗೆ ಇಟ್ಟಿದ್ದಾರೆ. ತೆಳು ಬೂದು ಅದರ ಲೆಕ್ಕದಲ್ಲಿ ಬಿಳಿಯೇ. ಡಬ್ಬಿಯ ಮೇಲೆ ಸೈಜು ನಂಬರು ಓದಲು ಬರುತ್ತದೋ ಇಲ್ಲವೋ ಎಂದು ಹತ್ತು ಸಲ ಪ್ರಿಂಟ್ ತೆಗೆದು ನೋಡಿದ್ದವಳು, ನನ್ನ ಬಿಲ್ಲನ್ನು ಒಂದು ಸಲವೂ ಕಾಗದದ ಮೇಲೆ ನೋಡಿರಲಿಲ್ಲ.

ಲೆಕ್ಕದ ಹೆಂಗಸು ನನಗೆ ನೋವಾಗದ ಹಾಗೆ ವಿವರಿಸಿದಳು. ಬಿಲ್ಲುಗಳನ್ನೆಲ್ಲ ಅವಳು ಪ್ರಿಂಟ್ ತೆಗೆದು ಕೊನೆಯ ದಿನಾಂಕದ ಪ್ರಕಾರ ಜೋಡಿಸುತ್ತಾಳೆ. ದಿನಾಂಕವೇ ಇಲ್ಲದ ಬಿಲ್ಲು ಬಂದರೆ ಯಜಮಾನರನ್ನು ಕೇಳುತ್ತಾಳೆ. ನನ್ನದನ್ನೂ ಕೇಳಿದ್ದಳು. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಅವಳದೇ ಅಕ್ಷರ ಇತ್ತು: ಆತುರವಿಲ್ಲ.

ಅಷ್ಟರಲ್ಲಿ ಮಾವ ಹೊರಗೆ ಬಂದರು. ಹಾಳೆ ನನ್ನ ಕೈಯಲ್ಲಿರುವುದನ್ನು ನೋಡಿ ಅವರ ಮುಖವೂ ಸ್ವಲ್ಪ ಸಣ್ಣಗಾಯಿತು. ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತು, ಆತುರವಿಲ್ಲ ಅಂತ ನಿಮಗೆ ಹೇಳಿದ್ದು ಯಾರು ಎಂದಷ್ಟೇ ಕೇಳಿದೆ.

"ನಿಮ್ಮತ್ತಿಗೇನೇ ಅಮ್ಮಾ. ಯಾವಾಗ ಕೊಡಬೇಕು ಅಂತ ಫೋನ್ ಮಾಡಿ ಕೇಳಿದೆ. ನಮ್ಮ ನಾದಿನಿ ಮನೇಲೇ ಇರೋಳು, ಏನೂ ಆತುರ ಇಲ್ಲ, ನಿಧಾನಕ್ಕೆ ಕೊಡಿ ಅಂದ್ಲು. ನಿನ್ನನ್ನೇ ಕೇಳಬೇಕಿತ್ತು, ತಪ್ಪಾಯ್ತು."

ದೊಡ್ಡವರು ಹಾಗೆ ತಪ್ಪಾಯಿತು ಅಂದರೆ ಸಿಟ್ಟಿಗೆ ಜಾಗವೇ ಉಳಿಯುವುದಿಲ್ಲ. ಅಂದಾಜು ಪಟ್ಟಿಯನ್ನು ಅವರು ಫೋನಿನಲ್ಲಿ ನೋಡಿ, ಒಪ್ಪಿಗೆ ಎಂದು ಬರೆದಿದ್ದರು. ಅದರಲ್ಲಿ ಷರತ್ತು ಕಾಣುತ್ತಿತ್ತು. ಹಾಗೆ ನೋಡಿದರೆ ಶುಲ್ಕ ನನಗೆ ಬರಬೇಕಾದದ್ದೇ, ಅವರೂ ಕೊಡುತ್ತೇನೆ ಎಂದರು. ಆದರೆ ಆ ಬಿಳಿ ಹಾಳೆ ಹಿಡಿದುಕೊಂಡು ಕೇಳಲು ನನಗೆ ಮನಸ್ಸಾಗಲಿಲ್ಲ. ಈ ವಾರ ಬಾಕಿ ಬಂದರೆ ಶುಲ್ಕ ಬಿಡುತ್ತೇನೆ, ಹಾಗೆಂದು ಮೇಲ್‌ನಲ್ಲೂ ಬರೆದು ಕಳಿಸುತ್ತೇನೆ ಅಂದೆ. ಮಾವ ಅಲ್ಲೇ ಬಿಲ್ಲಿನ ಮೇಲೆ ಪಾವತಿಗೆ ಸಹಿ ಹಾಕಿದರು, ಲೆಕ್ಕದ ಹೆಂಗಸು ಆನ್‌ಲೈನಿನಲ್ಲಿ ಹಣ ಕಳಿಸಲು ಕೂತಳು. ನಾನು ಬಸ್ ಸ್ಟಾಪು ಮುಟ್ಟುವ ಹೊತ್ತಿಗೆ ಅರವತ್ತು ಸಾವಿರ ಖಾತೆಗೆ ಬಂದಿತ್ತು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಮನೇಲೇ ಇರೋಳು ಅನ್ನುವ ಮಾತನ್ನೇ ಬಸ್ಸಿನಲ್ಲಿ ಮತ್ತೆ ಮತ್ತೆ ಮೆಲುಕು ಹಾಕಿದೆ. ಮೂರು ವರ್ಷ ಅವಳ ಕಣ್ಣೆದುರಿಗೇ ಬೆನ್ನು ನೋಯಿಸಿಕೊಂಡು ಕೆಲಸ ಮಾಡಿದ್ದೇನೆ, ಪ್ರತಿ ತಿಂಗಳು ಮನೆ ಖರ್ಚಿಗೆ ನನ್ನ ಪಾಲು ಕೊಟ್ಟಿದ್ದೇನೆ. ಆದರೂ ಅವಳ ಪಾಲಿಗೆ ಇದು ಹೊತ್ತು ಕಳೆಯಲು ಮಾಡುವ ಕಸೂತಿ.

ಮನೆಗೆ ಬಂದಾಗ ಅತ್ತಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ದುಡ್ಡು ಬಂತು, ಆತುರವಿಲ್ಲ ಅಂದದ್ದು ನೀನೇ ಎಂದೂ ಗೊತ್ತಾಯಿತು, ನನ್ನ ದುಡಿಮೆಯ ಮೇಲೆ ನಿನಗೇನು ಅಧಿಕಾರ ಎಂದು ಕೇಳಿದೆ. ಇನ್ನೂ ಏನೇನೋ ಅಂದೆ. ಅವಳು ಅಣ್ಣನ ಶರ್ಟಿನ ಕಾಲರನ್ನು ಸರಿ ಮಾಡುತ್ತಲೇ ಇದ್ದಳು. ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದ ಮೇಲೆ ತಲೆ ಎತ್ತಿದಳು.

"ನಿನ್ನ ಕೆಲಸ ಸಣ್ಣದು ಅಂತ ಹಾಗಂದೆ ಅಂದ್ಕೊಂಡೆಯಾ? ಆ ದುಡ್ಡು ಬಂದ ದಿನವೇ ನೀನು ಆ ರೂಮಿಗೆ ಹೋಗ್ತೀಯ ಅಂತ ನಂಗೆ ಗೊತ್ತಿತ್ತು. ನಿಮ್ಮಣ್ಣ ಬೆಳಿಗ್ಗೆ ಹೋದ್ರೆ ಕತ್ತಲಾದ್ಮೇಲೆ ಬರ್ತಾರೆ. ಮಗಳು ಹಾಸ್ಟೆಲ್ಲಲ್ಲಿ. ನಾನು ಇಡೀ ದಿನ ಯಾರ ಹತ್ರ ಮಾತಾಡ್ಲಿ, ಹೇಳು."

ಸಂಜೆಗೆ ನಾನು ಮನೆಗೇ ಬರುತ್ತೇನಲ್ಲ ಎನ್ನಲು ಹೊರಟವಳು ತಡೆದುಕೊಂಡೆ. ಸಂಜೆ ಎಲ್ಲರೂ ಬರುತ್ತಾರೆ. ಅವಳು ಹೇಳುತ್ತಿದ್ದದ್ದು ಹಗಲಿನ ಮಾತು. ಕೆಲಸದ ಮಧ್ಯೆ ಅವಳು ಬಾಗಿಲಿಗೆ ಬಂದು ನಿಂತಾಗಲೆಲ್ಲ ನಾನು ಪರದೆಯಿಂದ ಕಣ್ಣು ತೆಗೆಯದೆ ಹೂಂ ಹೂಂ ಅನ್ನುತ್ತಿದ್ದೆ. ಆ ಹೂಂಗಳನ್ನೇ ನಂಬಿಕೊಂಡು ಒಬ್ಬಳು ದಿನ ದೂಡುತ್ತಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ. ಅಯ್ಯೋ ಅನ್ನಿಸಿತು.

"ಆ ದಂಡ ಎಷ್ಟು ಅಂದಿದ್ದೆ?" ಅವಳೇ ಕೇಳಿದಳು.

ಸಾವಿರದ ಎಂಟುನೂರು, ಮಾವನಿಗೆ ಬಿಟ್ಟುಬಿಟ್ಟೆ ಅಂದೆ.

"ಮಾವನಿಗೆ ಬಿಡು. ತಡ ಮಾಡಿಸಿದ್ದು ನಾನಲ್ವಾ."

ಒಳಗೆ ಹೋಗಿ ಬೀರು ತೆಗೆದು ಹಣ ಎಣಿಸಿ ತಂದಳು. ಬೇಡ ಎನ್ನುವುದು ಸುಲಭವಿತ್ತು, ಬಾಯಿಗೂ ಬಂದಿತ್ತು. ಬೇಡ ಎಂದಿದ್ದರೆ ನನ್ನ ಕೆಲಸ ಮತ್ತೆ ಮನೆಯ ಮಾತಾಗಿ ಕರಗಿಹೋಗುತ್ತಿತ್ತು, ಅವಳ ತಪ್ಪೂ ಹಾಗೇ ತೇಲಿಹೋಗುತ್ತಿತ್ತು. ತೆಗೆದುಕೊಂಡೆ. ಅವಳ ಎದುರಿಗೇ ಎಣಿಸಿಕೊಂಡೆ ಕೂಡ. ಅವಳು ನಕ್ಕಳು, ನನಗೆ ಕಣ್ಣಲ್ಲಿ ನೀರು ಬಂತು.

ಶನಿವಾರ ಮುಂಗಡ ಕೊಟ್ಟು ರೂಮಿನ ಬೀಗದ ಕೈ ತಂದೆ. ಸಾವಿರದ ಎಂಟುನೂರಕ್ಕೆ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಕುರ್ಚಿ ಸಿಕ್ಕಿತು, ನನ್ನ ಮೇಜಿನ ಎದುರುಬದಿಗೆ ಹಾಕಲು. ಅತ್ತಿಗೆ ಬಂದು ನಾಲ್ಕು ಕುರ್ಚಿಗಳ ಮೇಲೆ ಕೂತು, ಎದ್ದು, ಕೈ ಇರುವ ಒಂದನ್ನು ಆರಿಸಿದಳು. ಗಿರಾಕಿಗಳು ಬಂದಾಗ ಎದ್ದುಬಿಡಬೇಕು ಎಂದು ಮೊದಲೇ ಹೇಳಿಬಿಟ್ಟೆ. ಆಗಲಿ ಎಂದು ಒಪ್ಪಿಕೊಂಡಳು.

ಅವತ್ತು ಮಲಗುವ ಮೊದಲು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ನಾನು ಪರದೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದೆ.

"ಸೋಮವಾರ ಎಷ್ಟು ಗಂಟೆಗೆ ಬಾಗಿಲು ತೆಗಿತೀಯ?" ಅಂದಳು.