ಸಮಾಲೋಚನೆಯ ನಂತರ

ಬಾಣಂತಿ ತೀರಿಕೊಂಡರೆ ಮನೆಯವರು ಒಂದು ಹೇಳುತ್ತಾರೆ, ಆಸ್ಪತ್ರೆಯವರು ಇನ್ನೊಂದು ಹೇಳುತ್ತಾರೆ. ಇಬ್ಬರ ಮಾತನ್ನೂ ಕೇಳಿಸಿಕೊಂಡು ಒಂದು ಹಾಳೆಗೆ ಇಳಿಸುವುದು ದಾವಣಗೆರೆಯ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ನಿರ್ಮಲಾಳ ಕೆಲಸ. ಆ ಹಾಳೆ ಜಿಲ್ಲಾಧಿಕಾರಿಗಳ ಸಭೆಗೆ ಹೋಗುತ್ತದೆ. ಅಲ್ಲಿ ಯಾರಿಗೂ ಶಿಕ್ಷೆ ಕೊಡುವುದಿಲ್ಲ, ಮುಂದಿನವಳು ಸಾಯದಂತೆ ಏನು ಮಾಡಬೇಕು ಎಂದಷ್ಟೇ ನೋಡುತ್ತಾರೆ. ಆದರೆ ಶಿಕ್ಷೆಯೇನು ಸಭೆಯವರೇ ಕೊಡಬೇಕೆಂದಿದೆಯೇ?

ಬಿಂದು ಸತ್ತು ಮೂರು ವಾರವಾಗಿತ್ತು. ಹರಿಹರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹೆಣ್ಣು ಮಗು ಹೆತ್ತಿದ್ದಳು. ರಕ್ತ ನಿಲ್ಲಲಿಲ್ಲ. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಅವಳನ್ನು ಗಾಡಿಗೆ ಹತ್ತಿಸಿದಾಗ ಸಂಜೆ ಐದು ದಾಟಿತ್ತು. ದಾರಿಯಲ್ಲೇ ಹೋದಳು. ಗಂಡ ಯೋಗರಾಜ್ ಆ ದಿನ ದಾವಣಗೆರೆಯಲ್ಲಿ ಲಗೇಜ್ ಆಟೋ ಓಡಿಸುತ್ತಿದ್ದ. ಹೆಂಡತಿಯ ಜೊತೆಗಿದ್ದವಳು ಅವನ ತಾಯಿ ಕೊಟ್ರವ್ವ ಒಬ್ಬಳೇ.

ನಿರ್ಮಲಾ ಹರಿಹರದ ಮನೆಗೆ ಹೋದಾಗ ಕೊಟ್ರವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಇಂಥ ಮನೆಯಲ್ಲಿ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸಬೇಕು. ಯೋಗರಾಜ್ ಹೊರಗೆ ಹೋಗಿ ನಿಂತ.

"ರಕ್ತ ಜಾಸ್ತಿ ಹೋಗ್ತೈತೆ ಅಂತ ಮೂರೂವರೆ ಸುಮಾರಿಗೆ ನಾನೇ ಹೋಗಿ ಸಿಸ್ಟರ್‌ಗೆ ಹೇಳ್ದೆ. 'ಹಂಗೇ ಇರ್ತೈತೆ, ಗಾಬರಿ ಬ್ಯಾಡ ಕೂಡ್ರಿ' ಅಂದ್ರು. ಕೂತೆ. ದಾವಣಗೆರೆಗೆ ಒಯ್ರಿ ಅಂತ ಅವಾಗ ಒಬ್ರೂ ಬಾಯಿ ಬಿಡ್ಲಿಲ್ಲ ಕಣವ್ವಾ. ಹೇಳಿದ್ರೆ ಹೊತ್ಕೊಂಡಾದ್ರೂ ಓಡ್ತಿದ್ದೆ." ಅವಳು ದನಿ ತಗ್ಗಿಸಿದಳು. "ನಾನೇ ತಡೆದೆ ಅಂತ ಮಗ ನನ್ ಕೂಡ ಮಾತು ಬಿಟ್ಟಾನ. ಈ ಕೂಸನ್ನ ಶಾಮನೂರಿಗೆ ಬಿಂದು ಅವ್ವನ ತಾವ ಕಳಿಸ್ತೀನಿ ಅಂತಾನ. ನೀವು ಸರಿಯಾಗಿ ಬರೀರಿ. ಸರಕಾರ ಬರೆದಿದ್ದನ್ನಾದ್ರೂ ನಂಬ್ತಾನ."

ಆಸ್ಪತ್ರೆಯಲ್ಲಿ ನರ್ಸ್ ಆಶಾರಾಣಿ ಕಣ್ಣೀರು ಒರೆಸಿಕೊಳ್ಳುತ್ತಲೇ ಹೇಳಿದಳು: "ಮೇಡಂ, ಮೂರೂವರೆಗೇ ಹೇಳಿದ್ದೀನಿ, ಕೂಡ್ಲೆ ದಾವಣಗೆರೆಗೆ ಕರ್ಕೊಂಡ್ ಹೋಗ್ರಿ ಅಂತ. ಆ ಅಜ್ಜಿ 'ಮಗ ಬರ್ಲಿ ತಡೀರಿ' ಅಂದ್ರು. ನಾನು ಎಷ್ಟು ಸಲ ಹೇಳ್ಲಿ? ಈಗ ನನ್ ಮೇಲೆ ಹಾಕ್ತಾರಾ?"

ಪಕ್ಕದ ಮಂಚದಲ್ಲಿ ಸೊಸೆಯ ಜೊತೆಗಿದ್ದ ಖತೀಜಾಬೀಯನ್ನೂ ನಿರ್ಮಲಾ ಹುಡುಕಿಕೊಂಡು ಹೋದಳು. ಇವಳೊಬ್ಬಳು ಗಂಟು ಬಿಚ್ಚಬಹುದು ಎಂಬ ಆಸೆ. ಖತೀಜಾಬೀ ನೆನೆಸಿಕೊಂಡು ಹೇಳಿದಳು: "ಸಿಸ್ಟರ್ ಬಂದು ಆ ಅಜ್ಜಿ ಕೂಡ ಏನೋ ಮಾತಾಡಿದ್ದು ಖರೆ. ಏನು ಅಂತ ನಂಗೆ ಕೇಳ್ಸಿಲ್ಲ ಬೇಟಿ. ನಮ್ ಕೂಸು ಅಳ್ತಿತ್ತು."

ಕಚೇರಿಗೆ ಮರಳಿ ಅವಳು ಬರೆಯಲು ಕೂತಳು. ಇಬ್ಬರ ಮಾತನ್ನು ಸೋಸಿ, ಹದ ಮಾಡಿ, ಒಂದು ಮಾಡುವುದು ಅವಳಿಗೆ ಹೊಸದಲ್ಲ. ಸರಸ್ವತಿ ನಗರದ ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ಅದನ್ನೇ ಮಾಡಿದ್ದಾಳೆ. ಅತ್ತೆ ಬೈದದ್ದನ್ನು ಗಂಡನಿಗೆ ಬೇಸರವೆಂದು ಹೇಳುವುದು, ಗಂಡ ರೇಗಿದ್ದನ್ನು ಅತ್ತೆಗೆ ಆಯಾಸವೆಂದು ಹೇಳುವುದು. ಮನೆ ನಡೆದದ್ದೇ ಹಾಗೆ. ಕೈ ತಾನಾಗಿಯೇ ಬರೆಯಿತು: "ರಕ್ತಸ್ರಾವ ಹೆಚ್ಚಾದ್ದರಿಂದ, ಕುಟುಂಬದವರೊಂದಿಗೆ ಸಮಾಲೋಚನೆಯ ನಂತರ, ದಾವಣಗೆರೆಗೆ ಕಳುಹಿಸಲಾಯಿತು."

ಓದಿಕೊಂಡಳು. ನುಣುಪಾಗಿತ್ತು. ಯಾರಿಗೂ ಚುಚ್ಚುವುದಿಲ್ಲ. ಆದರೆ ಈ ಮಾತನ್ನು ಹೇಳಿದವರು ಯಾರು? ಸಮಾಲೋಚನೆ ನಡೆಯಿತೆಂದು ಕೊಟ್ರವ್ವ ಹೇಳಲಿಲ್ಲ, ಆಶಾರಾಣಿಯೂ ಹೇಳಲಿಲ್ಲ. ಒಬ್ಬಳು ಹೇಳಲೇ ಇಲ್ಲ ಎಂದಳು, ಇನ್ನೊಬ್ಬಳು ಹೇಳಿದರೂ ಕೇಳಲಿಲ್ಲ ಎಂದಳು. ಇದು ಯಾರೂ ಹೇಳದ ಮೂರನೆಯ ಕಥೆ. ಇದರೊಳಗೆ ಬಿಂದುವಿನ ಒಂದು ಗಂಟೆಗೂ ಹೆಚ್ಚಿನ ಹೊತ್ತು ಸದ್ದಿಲ್ಲದೆ ಮುಳುಗಿಹೋಗಿತ್ತು.

ಹೊಡೆದುಹಾಕಿ ಮತ್ತೆ ಬರೆದಳು. ಮೊದಲು, ಇಬ್ಬರೂ ಒಪ್ಪುವುದು: ರಕ್ತ ಹೆಚ್ಚೆಂದು ಮೂರೂವರೆಗೇ ತಿಳಿದಿತ್ತು, ಐದು ಗಂಟೆಯ ಹತ್ತಿರದವರೆಗೆ ಗಾಡಿಗೆ ಯಾರೂ ಫೋನ್ ಮಾಡಲಿಲ್ಲ. ಆಮೇಲೆ, ಒಪ್ಪದಿರುವುದು: ಕೂಡಲೇ ಒಯ್ಯಲು ಹೇಳಿದೆ, ಮಗ ಬರಲೆಂದು ಅತ್ತೆ ತಡೆದರು ಎಂದು ನರ್ಸ್ ಹೇಳುತ್ತಾರೆ, ಯಾರೂ ಹೇಳಲಿಲ್ಲ, ಕೂತಿರಲು ಹೇಳಿದರು ಎಂದು ಅತ್ತೆ ಹೇಳುತ್ತಾರೆ. ಪಕ್ಕದ ಮಂಚದವರು ಮಾತು ನಡೆದದ್ದನ್ನು ಕಂಡಿದ್ದಾರೆ, ಏನು ಮಾತೆಂದು ಕೇಳಿಲ್ಲ. ಆಸ್ಪತ್ರೆಯ ಕಾಗದದಲ್ಲಿ "ತಿಳಿಸಲಾಗಿದೆ" ಎಂದಿದೆ. ಅದನ್ನು ಬರೆದವರು ಅದೇ ನರ್ಸ್. ಯಾವುದು ಸರಿ ಎಂದು ಈ ವಿಚಾರಣೆಯಿಂದ ಹೇಳಲಾಗದು.

ಮೇಲಧಿಕಾರಿ ಡಾ. ಬಸವಪ್ರಭು ಓದಿ ಕನ್ನಡಕ ತೆಗೆದರು. "ಏನ್ರಿ ನಿರ್ಮಲಮ್ಮ, ಸಾರಾಂಶ ಕೇಳಿದ್ರೆ ಜಗಳ ಬರ್ಕೊಂಡ್ ಬಂದೀರಿ? 'ಮನೆಯವರ ನಿರ್ಧಾರ ತಡವಾಯ್ತು' ಅಂತ ಹಾಕಿ ಮುಗಿಸ್ರಿ. ಆಸ್ಪತ್ರೆ ಕಾಗದ ಐತಲ್ಲ."

"ಸರ್, ಕಾಗದಾನೂ ಸಿಸ್ಟರೇ ಬರೆದದ್ದು. ಅದನ್ನ ಸೇರಿಸಿದ್ರೆ ಇಬ್ಬರು ಸಾಕ್ಷಿ ಆಗಲ್ಲ, ಒಬ್ಬರೇ ಎರಡು ಸಲ ಹೇಳ್ದಂಗೆ."

"ಹಂಗಾದ್ರೆ ಅಜ್ಜಿ ಮಾತು ಖರೆ ಅಂತೀರಾ?"

"ಅದೂ ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅನ್ನಾಕ ಇಷ್ಟುದ್ದ ಬರೀಬೇಕಾ!" ಎಂದು ನಕ್ಕರಾದರೂ ಸಹಿ ಹಾಕಿದರು.

ಸಭೆಯಲ್ಲಿ ಮೊದಲು ಮನೆಯವರನ್ನು ಕೇಳುತ್ತಾರೆ, ಅವರು ಹೊರಗೆ ಹೋದ ಮೇಲೆ ಆಸ್ಪತ್ರೆಯವರನ್ನು. ತಾಯಿ ಮಗ ಎರಡು ಕುರ್ಚಿ ಬಿಟ್ಟು ಕೂತಿದ್ದರು. ಜಿಲ್ಲಾಧಿಕಾರಿ ಹಾಳೆ ಓದಿ ಮೆತ್ತಗೆ ಕೇಳಿದರು: "ಅಮ್ಮಾ, ಸಿಸ್ಟರ್ ನಿಮ್ಮ ಹತ್ರ ಬಂದು ಮಾತಾಡಿದ್ರಂತೆ. ಏನು ಹೇಳಿದ್ರು?"

ನಿರ್ಮಲಾ ತಾನು ಬರೆದ ಹಾಳೆಯ ಕಡೆ ನೋಡಿದಳು. ನುಣುಪು ವಾಕ್ಯವಿದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

"ಬಂದಿದ್ರು ಸಾಹೇಬ್ರ. ಗಾಬರಿ ಬ್ಯಾಡ ಅನ್ನಾಕ ಬಂದಿದ್ರು. ಒಯ್ರಿ ಅಂದಿಲ್ಲ. ದೇವರಾಣೆ ಅಂದಿಲ್ಲ."

ಸಿಸ್ಟರ್ ಬಂದಿದ್ದಳೆಂದು ಅವ್ವ ಇಷ್ಟು ದಿನ ಹೇಳಿರಲಿಲ್ಲ. ಯೋಗರಾಜ್ ಮೊದಲ ಬಾರಿಗೆ ತಾಯಿಯ ಕಡೆ ತಿರುಗಿದ. ಆ ನೋಟವನ್ನು ನಿರ್ಮಲಾ ನೋಡಬಾರದಿತ್ತು.

ಅವರು ಹೊರಗೆ ಹೋದ ಮೇಲೆ ಆಶಾರಾಣಿ ಬಂದು ತನ್ನ ಮಾತನ್ನು ಅಕ್ಷರವೂ ಬದಲಿಸದೆ ಹೇಳಿದಳು. ಜಿಲ್ಲಾಧಿಕಾರಿ ನಿರ್ಣಯ ಬರೆಸಿದರು: ಯಾರ ಮಾತು ನಿಜವೆಂಬುದು ತಿಳಿಯದು, ಆದರೆ ಗಾಡಿ ಕರೆಯದೆ ಹೊತ್ತು ಕಳೆದದ್ದು ಇಬ್ಬರೂ ಒಪ್ಪಿದ ಸಂಗತಿ. ಇನ್ನು ಮುಂದೆ ರಕ್ತಸ್ರಾವ ಕಂಡ ಕೂಡಲೇ ಗಾಡಿಯನ್ನು ಆಸ್ಪತ್ರೆಯೇ ಕರೆಯಬೇಕು. ಮನೆಯವರಿಗೆ ವೈದ್ಯರೇ, ಇನ್ನೊಬ್ಬರ ಎದುರಿಗೆ, ತಿಳಿಸಬೇಕು. ಒಳ್ಳೆಯ ನಿರ್ಣಯ. ಮುಂದೆ ಯಾವಳೋ ಉಳಿಯಬಹುದು.

ಹೊರಗೆ ಬೇವಿನ ಮರದ ಕೆಳಗೆ ಯೋಗರಾಜ್ ಕಾದಿದ್ದ. "ಮೇಡಂ, ಎಲ್ಲಾರ್ನೂ ಕೇಳಿದವ್ರು ನೀವೊಬ್ರೇ. ಅವ್ವ ತಡೆದಳೋ ಇಲ್ಲೋ? ಒಂದೇ ಮಾತು ಹೇಳ್ರಿ."

'ಇಲ್ಲಪ್ಪಾ' ಎನ್ನುವ ಒಂದು ಪದ ನಾಲಿಗೆಯ ತುದಿಗೆ ಬಂದಿತ್ತು. ಮನೆಯಲ್ಲಾಗಿದ್ದರೆ ಅಂದುಬಿಡುತ್ತಿದ್ದಳು. ಆದರೆ ಇದು ಮನೆಯ ಸಣ್ಣ ಸುಳ್ಳಿನಂಥದ್ದಲ್ಲ; ಅತ್ತ ಆಶಾರಾಣಿಯನ್ನು ಸದ್ದಿಲ್ಲದೆ ಕೊಂದವಳನ್ನಾಗಿ ಮಾಡುವ ಪದ.

"ಗೊತ್ತಿಲ್ಲಪ್ಪಾ. ನಂಗೆ ಖರೇನ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ನಾನು ಹೆಂಗೆ ಬಾಳ್ವೆ ಮಾಡ್ಲಿ?"

ಮರದ ಆಚೆ ನಿಂತಿದ್ದ ಕೊಟ್ರವ್ವ ಹತ್ತಿರ ಬಂದಳು. "ಆ ಸಿಸ್ಟರ್ ಮಾತೂ ಬರ್ದೀರಂತಲ್ಲವ್ವಾ. ನನ್ ಮಾತು ಬರೀರಿ ಅಂದಿದ್ದೆ."

"ನಿಮ್ದೂ ಬರ್ದೀನಿ ಅಮ್ಮಾ. ಒಂದು ಪದ ಬಿಟ್ಟಿಲ್ಲ."

"ನನ್ ಮಾತಿನ ಪಕ್ಕಕ್ಕ ಅವಳದನ್ನೂ ಇಟ್ಟ ಮೇಲೆ ನಂದು ಇದ್ರೇನು, ಬಿಟ್ರೇನು?"

ಮುಂದಿನ ವಾರ ಆ ಭಾಗದ ಆರೋಗ್ಯ ಕಾರ್ಯಕರ್ತೆ ಫೋನ್ ಮಾಡಿದಳು. ಮಗುವಿಗೆ ಲಸಿಕೆ ಹಾಕಲು ಹೋದರೆ ಮಗು ಆ ಮನೆಯಲ್ಲಿಲ್ಲ, ಶಾಮನೂರಿನ ವಿಳಾಸಕ್ಕೆ ಬದಲಿಸಿಕೊಳ್ಳಿ ಎಂದಳು. "ಅಜ್ಜಿ ಬಿಸಿನೀರು ಕಾಸಿಟ್ಕೊಂಡು ಕೂತಿತ್ತು ಮೇಡಂ, ಸುಮ್ನೆ. ಯಾಕ ಅಂದ್ರೆ, ದಿನಾ ಈ ಹೊತ್ತಿಗೆ ಕಾಸ್ತಿದ್ದೆ ಅಂತು."

ನಿರ್ಮಲಾ ವಿಳಾಸ ಬದಲಿಸಿದಳು. ಸಂಜೆ ಮನೆಗೆ ಹೋದಾಗ ಅತ್ತೆ ಕೇಳಿದರು, "ಅವ್ನು ಬೆಳಿಗ್ಗೆ ನನ್ನ ಬಗ್ಗೆ ಏನಂದ?"

ನಿರ್ಮಲಾ ಚಪ್ಪಲಿ ಬಿಡುತ್ತ, "ನಿಮ್ಮ ಮಗನ್ನೇ ಕೇಳ್ರಿ ಅತ್ತೆ" ಎಂದಳು.