ಬಾಗಿಲಿನಿಂದ ಲಿಫ್ಟಿಗೆ ನಾಲ್ಕಡಿ

ಮಣ್ಣಿಗೆ ಬಂದಿದ್ದ ನೆಂಟರಲ್ಲಿ ಕೊನೆಯವರೂ ತಮ್ಮೂರು ಸಾದಲಿಗೆ ಹಿಂದಿರುಗಿದ ಮರುದಿನ, ತನುಜ ಎಂದಿನಂತೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದಳು. ಎದುರಿಗೆ ಬಿದಿರಿನ ಅಡ್ಡತೆರೆಯೊಂದು ನಿಂತಿತ್ತು. ಅದರ ಬುಡದಲ್ಲಿ ಆರು ಹೂಕುಂಡ, ಪ್ಲಾಸ್ಟಿಕ್ ಹುಲ್ಲಿನ ಹಾಸು, ನೀರು ತುಂಬಿದ ಹಿತ್ತಾಳೆ ಉರುಳಿ, ಉರುಳಿಯ ನಡುವೆ ಬುದ್ಧನ ತಲೆ. ಕತ್ತಿನಿಂದ ಕೆಳಗಿನ ಬುದ್ಧ ಎದುರುಮನೆಯವರಿಗೆ ಬೇಕಾಗಿರಲಿಲ್ಲ.

ಎದುರುಮನೆ ಶೋಭಾರಾಣಿಯದು. ಅವಳ ಗಂಡ ರಮೇಶ್‌ಬಾಬು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ನಾಲ್ಕು ವರ್ಷ ಬರಿಯ ಕಾಲೊರಸು ಹಾಕಿಕೊಂಡು ಸುಖವಾಗಿದ್ದ ಈ ದಂಪತಿಗೆ, ತನುಜಳ ಗಂಡ ಸಿದ್ಧಾರ್ಥ್ ಸತ್ತ ಹನ್ನೆರಡನೆಯ ದಿನಕ್ಕೆ ಸರಿಯಾಗಿ ಸೌಂದರ್ಯಪ್ರಜ್ಞೆ ಹುಟ್ಟಿತ್ತು. ತನುಜಳಿಗೆ ಅವನು ಹೋದಾಗಿನಿಂದ ಅಳು ಬಂದಿರಲಿಲ್ಲ. ತಿರಸ್ಕಾರ ಮಾತ್ರ ಸಲೀಸಾಗಿ ಬರುತ್ತಿತ್ತು.

ಅತ್ತೆ ಮುನಿಶಾಮಮ್ಮನಿಗೆ ಸೊಂಟದ ಆಪರೇಷನ್ ಆಗಿತ್ತು. ಮಗನ ಸಾವಿನಿಂದಾಗಿ ಹತ್ತಿರಹತ್ತಿರ ಎರಡು ವಾರ ಆಸ್ಪತ್ರೆಯ ವ್ಯಾಯಾಮಕ್ಕೆ ಹೋಗಿರಲಿಲ್ಲ. ಇನ್ನೂ ತಪ್ಪಿಸಿದರೆ ಕಾಲು ಸೆಟೆದುಕೊಂಡುಬಿಡುತ್ತದೆ ಎಂದು ಡಾಕ್ಟರು ಫೋನಿನಲ್ಲೇ ಬೈದಿದ್ದರು. ಹನ್ನೊಂದಕ್ಕೆ ಆಟೋ ಹೇಳಿಯಾಗಿತ್ತು. ಅಭ್ಯಾಸಕ್ಕೆಂದು ಹೊಸಿಲು ದಾಟಿದ ಮುದುಕಿಯ ವಾಕರ್ ತೆರೆಗೆ ಬಡಿದು ನಿಂತಿತು.

"ಏನಮ್ಮಾ ಇದು? ಗೋಡೆ ಎಬ್ಬಿಸವ್ರೆ?"

"ಅಲಂಕಾರ ಅತ್ತೆ."

"ನಮ್ಮ ಬಾಗ್ಲಿಗೆ ಬೇಲಿ ಹಾಕದೂ ಅಲಂಕಾರನಾ!"

ಸದ್ದಿಗೆ ಶೋಭಾರಾಣಿ ಹೊರಬಂದಳು. ತನುಜಳ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡಿದಳು.

"ಸುಮ್ನೆ ಲುಕ್ಕಿಗೆ ಅಂತ ಇಟ್ವಿ ಕಣಮ್ಮಾ. ಒಂದ್ ವಾರ ಅಡ್ಜಸ್ಟ್ ಮಾಡ್ಕೊಳ್ಳಿ. ನಮ್ಮ ಮೌನಿಕಾಗೆ ಪರೀಕ್ಷೆ. ಮಗು ಬೆಳಿಗ್ಗೆ ಹೊರಡೋ ಹೊತ್ತಿಗೆ ಎದುರಿಗೆ..." ಎಂದವಳು ನಾಲಗೆ ಕಚ್ಚಿಕೊಂಡಳು.

"ಎದುರಿಗೆ ನಾನು ಸಿಗಬಾರದು."

"ಅಯ್ಯೋ, ಹಂಗಂದ್ನಾ?"

ರಮೇಶ್‌ಬಾಬು ಟವೆಲು ಹೊದ್ದು ರಕ್ಷಣೆಗೆ ಬಂದ. "ತಪ್ಪು ತಿಳ್ಕೋಬೇಡಿ ತನುಜಮ್ಮ. ಲ್ಯಾಂಡಿಂಗ್ ಎಲ್ಲಾರ್ದೂ. ನಿಮ್ಮ ವಾಕರ್ ಆಚೆ ಇಡ್ತೀರಿ, ನಾವೇನಾದ್ರೂ ಅಂದ್ವಾ? ಎಲ್ಲಾ ಮನೆಗೂ ಒಂದು ಸೂಚನೆ ಕಳಿಸ್ಬೇಕು ಅಂತಿದ್ದೆ. ನೀವು ಕನ್ನಡ ಎಂ.ಎ., ನೀವೇ ಬರೆದ್ಕೊಡಿ. ನಿಮ್ಗೂ ಮನಸ್ಸು ಹಗುರಾಗುತ್ತೆ."

ಗಂಡ ಸತ್ತವಳಿಗೆ ಸುತ್ತೋಲೆ ಬರೆಯುವ ಭಾಗ್ಯ ಕರುಣಿಸಿದ ತೃಪ್ತಿ ಅವನ ಮುಖದಲ್ಲಿತ್ತು.

"ಬರೆದದ್ದಕ್ಕೆ ಸಹಿ ಹಾಕ್ತೀರಾ ಸರ್?"

"ಅದ್ಕೇನಂತೆ!"

ಅಳತೆಯಿಲ್ಲದೆ ಬರೆದರೆ ಈ ಮನುಷ್ಯ ಜಾರಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಸಿದ್ಧಾರ್ಥ್‌ನ ಡ್ರಾಯರಿನಲ್ಲಿ ಸ್ಪ್ಯಾನರುಗಳ ಅಡಿ ಒಂದು ಸ್ಟೀಲ್ ಟೇಪು ಸಿಕ್ಕಿತು. ಹಿಂಭಾಗದಲ್ಲಿ ಬಿಳಿ ಬಣ್ಣದಲ್ಲಿ "ರಮೇಶ್‌ಬಾಬು, ೩೦೨". ಕರ್ಟನ್ ರಾಡು ಹಾಕಲು ತಂದವನು ಹಿಂತಿರುಗಿಸದೆಯೇ ಹೋಗಿದ್ದ. ಅವಳು ಅಳೆದಳು. ಲ್ಯಾಂಡಿಂಗ್ ಆರಡಿ ಅಗಲ. ಅಲಂಕಾರ ಬಿಟ್ಟುಕೊಟ್ಟದ್ದು ಒಂದಡಿ ನಾಲ್ಕಿಂಚು. ವಾಕರ್ ಎರಡಡಿ. ಬೆಂಕಿ ನಂದಿಸುವ ಸಿಲಿಂಡರು ತೆರೆಯ ಹಿಂದೆ ಅಡಗಿತ್ತು.

ಅವಳು ಬರೆದದ್ದು ಇಷ್ಟೇ:

"ನಿವಾಸಿಗಳೇ, ಬಾಗಿಲ ಮುಂದೆ ಅಲಂಕರಿಸಿ, ಚೆನ್ನಾಗಿರುತ್ತದೆ. ಆದರೆ ಪ್ರತಿ ಬಾಗಿಲಿನಿಂದ ಲಿಫ್ಟಿಗೂ ಮೆಟ್ಟಿಲಿಗೂ ನಾಲ್ಕಡಿ ಅಗಲದ ದಾರಿ ಸದಾ ಖಾಲಿ ಇರಲಿ. ಸ್ಟ್ರೆಚರ್ ಹೊತ್ತವರಿಗೆ ಅಷ್ಟು ಬೇಕು. ಚಿತ್ರ, ತೋರಣ ಗೋಡೆಗಿರಲಿ. ಕುಂಡಗಳು ಒಂದೇ ಬದಿಗೆ, ಗೋಡೆಗೆ ಒತ್ತಿ, ಕೆಳಗೆ ತಟ್ಟೆಯಿಟ್ಟು. ಅಂಚು ಮಡಚಿಕೊಳ್ಳುವ ಹಾಸು ಬೇಡ. ಮೆಟ್ಟಿಲ ಮೇಲೆ ಏನೂ ಬೇಡ. ಬೆಂಕಿ ನಂದಿಸುವ ಸಿಲಿಂಡರ್, ಮೀಟರ್ ಪೆಟ್ಟಿಗೆ ಮುಚ್ಚಬೇಡಿ. ಚಪ್ಪಲಿ ಸ್ಟ್ಯಾಂಡು, ವಾಕರು ಮನೆಯೊಳಗಿರಲಿ. ಇಂದು ಹತ್ತೂವರೆಯೊಳಗೆ ಸರಿಪಡಿಸಿಕೊಳ್ಳುವುದು."

ರಮೇಶ್‌ಬಾಬು ಮೊದಲ ಸಾಲನ್ನು ಗಟ್ಟಿಯಾಗಿ ಓದಿ, "ಅಕ್ಷರ ಮುತ್ತಿನಂಗವೆ" ಎಂದು ಮೆಚ್ಚಿ ಸಹಿ ಹಾಕಿದ. ಫೋಟೋ ತೆಗೆದು ತಾನೇ ನಿವಾಸಿಗಳ ವಾಟ್ಸಾಪ್ ಗುಂಪಿಗೆ ಕಳಿಸಿದ. ಸಹಿ ಹಾಕುವುದಕ್ಕೆ ಓದಲೇಬೇಕೆಂಬ ನಿಯಮ ಸಂಘದಲ್ಲಿ ಇರಲಿಲ್ಲ.

ಐದು ನಿಮಿಷದಲ್ಲಿ ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ವೆಂಕಟರಾಮಪ್ಪ ತಮ್ಮ ಲ್ಯಾಂಡಿಂಗಿನ ಫೋಟೋ ಹಾಕಿದರು: "ಚಪ್ಪಲಿ ಸ್ಟ್ಯಾಂಡ್ ಒಳಗಿಟ್ಟೆ. ಕಾರ್ಯದರ್ಶಿಗಳ ಮಹಡಿಯ ಫೋಟೋ ಬರಲಿ." ಅದರ ಕೆಳಗೆ ಹೆಬ್ಬೆರಳುಗಳು ಸಾಲುಗಟ್ಟಿದವು.

ಹತ್ತು ಇಪ್ಪತ್ತಕ್ಕೆ ತೆರೆಯನ್ನು ರಮೇಶ್‌ಬಾಬು ಒಳಗೆಳೆದ. ಉರುಳಿ ಎತ್ತಿದ ಶೋಭಾರಾಣಿಯ ಸೀರೆಯೆಲ್ಲ ನೀರಾಯಿತು.

"ಉಷಾರು ಕಣಮ್ಮಾ, ಆ ಬುದ್ಧಂಗೆ ಮೊದ್ಲೇ ಮೈಯಿಲ್ಲ," ಎಂದಳು ಮುನಿಶಾಮಮ್ಮ, ಖಾಲಿ ದಾರಿಯಲ್ಲಿ ಒಂದೊಂದೇ ಹೆಜ್ಜೆಯಿಡುತ್ತ.

ಲಿಫ್ಟಿನಲ್ಲಿ ಅತ್ತೆಯನ್ನು ನಿಲ್ಲಿಸಿ, ಬಾಗಿಲಿಗೆ ಒಂದು ಕಾಲು ಅಡ್ಡವಿಟ್ಟು, ತನುಜ ಟೇಪನ್ನು ಚಾಚಿದಳು. "ಸಿದ್ಧಾರ್ಥ್ ತಗೊಂಡಿದ್ರು. ನಿಮ್ಮದು."

ರಮೇಶ್‌ಬಾಬು ಕೈಗಳನ್ನು ಹಿಂದಕ್ಕೆಳೆದುಕೊಂಡ. "ಇರ್ಲಿ ಬಿಡಿ... ಅಲ್ಲೇ ಎಲ್ಲಾದ್ರೂ ಇಡಿ."

"ದಾರೀಲಿ ಏನೂ ಇಡೋ ಹಾಗಿಲ್ಲ ಸರ್. ನೀವೇ ಸಹಿ ಹಾಕಿದೀರಿ."

ಅವನು ಕೈ ಚಾಚುವವರೆಗೂ ಅವಳು ಹಾಗೇ ನಿಂತಿದ್ದಳು.